‘ಉಳಿಸಬೇ…’ ಎಂದು ನಿಂತ ವಾಕ್ಯ: ಗೇಟು, ಕಂಪ್ರೆಸರು ಮತ್ತು ನನ್ನ ಸದ್ದಿಲ್ಲದ ಕೋಣೆ

ಪರದೆಯನ್ನು ತೋರಿಸುತ್ತಾ ತಂತ್ರಾಂಶದ ಪಾಠ ಹೇಳುವ ವಿಡಿಯೊಗಳನ್ನು ನಾನು OBS ಎಂಬ ಮುದ್ರಣ ತಂತ್ರಾಂಶ ಬಳಸಿ ಮುದ್ರಿಸುತ್ತೇನೆ. ಒಂದು ಪಾಠವನ್ನು ನೋಡಿದ ಗೆಳೆಯರೊಬ್ಬರು ಫೋನ್ ಮಾಡಿ, ‘ಆ ಕಡತವನ್ನು ಮುಚ್ಚುವಾಗ ಉಳಿಸಬೇಕೋ, ಬೇಡವೋ? ನೀವು ಹೇಳುವುದೇ ಕೇಳಿಸುವುದಿಲ್ಲ’ ಎಂದರು. ನಾನು ಹೇಳಿದ್ದು ‘ಉಳಿಸಬೇಡಿ’. ಕೇಳಿಸಿದ್ದು ‘ಉಳಿಸಬೇ…’. ಬೇಕೂ ಬೇಡವೂ ಒಂದೇ ಅಕ್ಷರದಿಂದ ಶುರುವಾಗುವುದರಿಂದ ಮುಖ್ಯವಾದ ಅಕ್ಷರವೇ ಮಾಯವಾಗಿತ್ತು.

ಮೊದಲು ಮೈಕನ್ನು ಶಂಕಿಸಿದೆ. ಕಡತವನ್ನು ಧ್ವನಿ ಸಂಪಾದಕದಲ್ಲಿ ತೆರೆದಾಗ ಕಳ್ಳ ಸಿಕ್ಕಿದ. ‘ಬೇ’ ಎಂಬಲ್ಲಿ ಅಲೆ ಇಳಿಜಾರಾಗಿ ಸಣ್ಣದಾಗಿ, ಆಮೇಲೆ ಗೆರೆ ಎಳೆದಂತೆ ಸಪಾಟಾಗಿತ್ತು. ಕೋಣೆ ಎಷ್ಟೇ ಶಾಂತವಾಗಿದ್ದರೂ ಮೈಕು ಹಿಡಿದ ಮೌನ ಹಾಗೆ ಸಪಾಟಾಗಿರುವುದಿಲ್ಲ. ಸಣ್ಣ ನವಿರೆಳೆಯಾದರೂ ಇರುತ್ತದೆ. ಪೂರ್ಣ ಸಪಾಟು ಕಂಡರೆ ಅದು ಮಟ್ಟ ಇಳಿದಾಗ ಧ್ವನಿಯನ್ನೇ ಮುಚ್ಚಿಬಿಡುವ ನಾಯ್ಸ್ ಗೇಟ್ ಎಂಬ ಫಿಲ್ಟರಿನ ಕೆಲಸ. ಎಲ್ಲರೂ ಹಾಕುತ್ತಾರೆ ಎಂದು ನಾನೂ ಹಾಕಿಕೊಂಡು, ಅದು ಬರುವಾಗ ಇದ್ದ ಅಂಕಿಗಳನ್ನು ಮುಟ್ಟದೆ ಬಿಟ್ಟಿದ್ದೆ.

ಆ ಅಂಕಿಗಳು ಹೀಗಿದ್ದವು: `Close Threshold` -32 ಡೆಸಿಬೆಲ್, `Open Threshold` -26, `Attack Time` 25 ಮಿಲಿಸೆಕೆಂಡು, `Hold Time` 200, `Release Time` 150. ಈ ಅಳತೆಯಲ್ಲಿ ಸೊನ್ನೆಯೇ ಅತಿ ಜೋರು, ಅದರಿಂದ ಕೆಳಗಿಳಿದಷ್ಟೂ ಧ್ವನಿ ಸಣ್ಣದು. ಧ್ವನಿ -32ಕ್ಕಿಂತ ಇಳಿದರೆ ಗೇಟು 200 ಮಿಲಿಸೆಕೆಂಡು ಕಾಯುತ್ತದೆ, ಆಮೇಲೆ 150 ಮಿಲಿಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. ಒಮ್ಮೆ ಇಳಿದ ಮೇಲೆ ಪುನಃ ತೆರೆಯಲು -32ನ್ನು ದಾಟಿದರೆ ಸಾಲದು, -26ನ್ನು ದಾಟಬೇಕು. ಎರಡು ಅಂಕಿ ಇಟ್ಟಿರುವುದಕ್ಕೆ ಕಾರಣವಿದೆ. ಒಂದೇ ಗಡಿ ಇದ್ದಿದ್ದರೆ ಧ್ವನಿ ಅದರ ಆಚೀಚೆ ಓಲಾಡಿದಾಗಲೆಲ್ಲ ಬಾಗಿಲು ಪಟಪಟ ಬಡಿದುಕೊಳ್ಳುತ್ತಿತ್ತು.

ನನ್ನ ವಾಕ್ಯದಲ್ಲಿ ಆದದ್ದು ಇದು. ‘ಉಳಿಸ’ ಎನ್ನುವ ಹೊತ್ತಿಗೇ ಉಸಿರು ತಗ್ಗಿ ಧ್ವನಿ -32ರ ಕೆಳಗೆ ಜಾರಿತ್ತು. ಕಾಯುವ ಸಮಯದಲ್ಲಿ ‘ಸ’ ದಾಟಿತು, ಮುಚ್ಚುವ ಸಮಯದಲ್ಲಿ ‘ಬೇ’ ಅರ್ಧಂಬರ್ಧ ನುಸುಳಿತು, ‘ಡಿ’ ಬರುವಷ್ಟರಲ್ಲಿ ಬಾಗಿಲು ಹಾಕಿತ್ತು. ಕನ್ನಡದಲ್ಲಿ ಮಾತನಾಡುವವರಿಗೆ ಈ ತೊಂದರೆ ತುಸು ಹೆಚ್ಚೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅದರ ಬಾಲದಲ್ಲಿ ಇಲ್ಲ, ಬೇಡ, ಬಾರದು ಅಂಟಿಕೊಂಡಿರುತ್ತವೆ, ಅದರಲ್ಲೂ ಕೊನೆಯದು ಅನೇಕ ಸಲ ಇಕಾರವೋ ಉಕಾರವೋ ಆದ ಹ್ರಸ್ವ ಸ್ವರ. ಉಸಿರು ಮುಗಿಯುವ ಜಾಗದಲ್ಲೇ ಅರ್ಥ ಕೂತಿರುತ್ತದೆ.

ಹಾಗಾದರೆ ಗಡಿ ಎಲ್ಲಿಡಬೇಕು? ಊಹಿಸುವುದನ್ನು ಬಿಟ್ಟು ಅಳೆಯಲು ಕುಳಿತೆ. ಫಿಲ್ಟರ್‌ಗಳ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತಿ ಎಲ್ಲವನ್ನೂ ಆಫ್ ಮಾಡಿ, ಅರ್ಧ ನಿಮಿಷ ಸುಮ್ಮನೆ ಕುಳಿತು ಆಡಿಯೊ ಮಿಕ್ಸರಿನ ಮೀಟರ್ ನೋಡಿದೆ. ಏನೂ ಕಾಣಲಿಲ್ಲ. ಎಂಥ ಶಾಂತ ಕೋಣೆ ಎಂದು ಹಿಗ್ಗಿದೆ. ಆಮೇಲೆ ವಾಕ್ಯಗಳ ಕೊನೆಯನ್ನು ಗಮನಿಸಿದರೆ -53ರ ಸುತ್ತ ಇತ್ತು. ಮುಚ್ಚುವ ಗಡಿಯನ್ನು -58ಕ್ಕೆ ಇಳಿಸಿದೆ. ಈಗ ಗೇಟು ಮುಚ್ಚಲೇ ಇಲ್ಲ. ಮಾತು ನಿಂತರೂ ಕಂಪ್ಯೂಟರ್ ಫ್ಯಾನಿನ ಗುಂಯ್‌ಗುಡುವಿಕೆ ಹರಿಯುತ್ತಲೇ ಇತ್ತು.

ತಪ್ಪು ಮೀಟರಿನ ಕೆಳಗಿದ್ದ, ಧ್ವನಿಯ ಮಟ್ಟ ಏರಿಳಿಸುವ ಫೇಡರಿನಲ್ಲಿತ್ತು. ಹಿಂದೆಂದೋ ಅದನ್ನು -10ಕ್ಕೆ ಎಳೆದು ಮರೆತಿದ್ದೆ. ಮೀಟರ್ ತೋರಿಸುವುದು ಫೇಡರನ್ನು ದಾಟಿ ಬಂದ ಧ್ವನಿಯನ್ನು. ಫಿಲ್ಟರ್‌ಗಳು ನೋಡುವುದು ಫೇಡರಿಗೆ ಮೊದಲಿನ ಧ್ವನಿಯನ್ನು. ಸಾಲದ್ದಕ್ಕೆ ಮೀಟರಿನ ತಳ -60. ಅಸಲಿಗೆ -56ರಲ್ಲಿದ್ದ ಫ್ಯಾನಿನ ಸದ್ದು ಹತ್ತು ಡೆಸಿಬೆಲ್ ಇಳಿದು ಮೀಟರಿನ ತಳದಿಂದಲೇ ಉದುರಿ ಹೋಗಿತ್ತು. ಅಳೆಯುವಾಗ ಫೇಡರ್ ಸೊನ್ನೆಯಲ್ಲಿರಬೇಕು. ಇದೊಂದನ್ನು ಮೊದಲೇ ನೋಡಿದ್ದರೆ ನನಗೊಂದು ಸಂಜೆ ಉಳಿಯುತ್ತಿತ್ತು.

ಸೊನ್ನೆಗೆ ತಂದು ಮತ್ತೆ ಅಳೆದೆ. ಕೋಣೆಯ ಸದ್ದು -56. ಸಾಮಾನ್ಯ ಮಾತಿನ ತುದಿಗಳು -20ರ ಆಸುಪಾಸು. ಹುರುಪಿನಲ್ಲಿ ಹೇಳಿದ ಪದಗಳು -8ರವರೆಗೆ ಹಾರುತ್ತಿದ್ದವು. ವಾಕ್ಯದ ಬಾಲ -43. ಅಂದರೆ ಬಾಲಕ್ಕೂ ಕೋಣೆಯ ಸದ್ದಿಗೂ ನಡುವೆ ಹದಿಮೂರು ಡೆಸಿಬೆಲ್‌ಗಳ ಒಂದು ಓಣಿ ಇದೆ. ಮುಚ್ಚುವ ಗಡಿ ಆ ಓಣಿಯೊಳಗೇ ಇರಬೇಕು: -50ಕ್ಕೆ ಇಟ್ಟೆ. ತೆರೆಯುವ ಗಡಿ ಅಷ್ಟು ಕೆಳಗಿರಬೇಕಾಗಿಲ್ಲ, ಏಕೆಂದರೆ ವಾಕ್ಯ ಶುರುವಾಗುವುದು ತುಂಬಿದ ಉಸಿರಿನಿಂದ. ಅದಕ್ಕೆ -42 ಸಾಕಾಯಿತು.

ಸಮಯಗಳನ್ನೂ ಬದಲಿಸಿದೆ. ಕಾಯುವುದನ್ನು 300ಕ್ಕೆ, ಮುಚ್ಚುವುದನ್ನು 250ಕ್ಕೆ ಏರಿಸಿದಾಗ ಗೇಟು ಬಾಗಿಲು ಬಡಿಯುವುದನ್ನು ಬಿಟ್ಟು ಪರದೆ ಇಳಿಸುವಂತಾಯಿತು. ತೆರೆಯುವ ಸಮಯವನ್ನು 25ರಿಂದ 8ಕ್ಕೆ ತಂದೆ. ಗೇಟಿಗೆ ಮುಂದೆ ಬರುವ ಮಾತು ಗೊತ್ತಿರುವುದಿಲ್ಲ. ಗಡಿ ದಾಟಿದ ಮೇಲಷ್ಟೇ ತೆರೆಯಲು ಶುರು ಮಾಡುತ್ತದೆ. ನಿಧಾನಕ್ಕೆ ತೆರೆದರೆ ‘ಹಾಗೆ’ ಎಂಬುದು ‘ಆಗೆ’ ಆಗುತ್ತದೆ. ಹಕಾರ ಬಿಟ್ಟು ಮಾತನಾಡುತ್ತೇನೆ ಎಂದು ಜನ ಭಾವಿಸುವುದು ಬೇಡ. ಹಾಗೆಂದು 1ಕ್ಕೆ ಇಳಿಸಿದರೆ ತೆರೆಯುವಾಗ ‘ಟಿಕ್’ ಎಂಬ ಸದ್ದು ಬರತೊಡಗಿತು.

ಇನ್ನು ಕಂಪ್ರೆಸರ್, ಅಂದರೆ ಗಡಿ ಮೀರಿದ ಜೋರು ಧ್ವನಿಯನ್ನು ತಗ್ಗಿಸುವ ಫಿಲ್ಟರ್. ಸಾಮಾನ್ಯ ಮಾತು -20, ಹುರುಪಿನ ಮಾತು -8. ಈ ಹನ್ನೆರಡು ಡೆಸಿಬೆಲ್ ಅಂತರ ಹೆಡ್‌ಫೋನ್ ಹಾಕಿಕೊಂಡವರ ಕಿವಿಗೆ ಹೊಡೆತ. ಕಂಪ್ರೆಸರ್ ಬರುವಾಗಲೇ 10:1 ಅನುಪಾತದಲ್ಲಿ ಇರುತ್ತದೆ. ಗಡಿಯನ್ನು ಹತ್ತು ಡೆಸಿಬೆಲ್ ಮೀರಿದರೆ ಒಂದೇ ಡೆಸಿಬೆಲ್ ಬಿಡುತ್ತೇನೆ ಎಂಬ ಜಿಪುಣತನ ಅದು. ಒಬ್ಬರೇ ಕೂತು ಪಾಠ ಹೇಳುವ ಧ್ವನಿಗೆ ಅದು ಅತಿಯಾಯಿತು. ಒತ್ತಿ ಹೇಳಿದ ಮಾತೂ ಒತ್ತದ ಮಾತೂ ಒಂದೇ ಆಗಿ, ಯಾರೋ ಪಟ್ಟಿ ಓದಿದಂತೆ ಕೇಳುತ್ತಿತ್ತು. `Ratio` 3:1, `Threshold` -20 ಎಂದು ಬದಲಿಸಿದೆ. ಈಗ ಲೆಕ್ಕ ಸುಲಭ. -8 ಎಂಬುದು ಗಡಿಗಿಂತ 12 ಮೇಲೆ, ಮೂರರಿಂದ ಭಾಗಿಸಿದರೆ 4, ಹೊರಬರುವುದು -16. -20ರ ಮಾತು ಹಾಗೆಯೇ ಉಳಿಯುತ್ತದೆ. ಹನ್ನೆರಡರ ಅಂತರ ನಾಲ್ಕಕ್ಕೆ ಇಳಿಯಿತು. ಆಮೇಲೆ `Output Gain` 6 ಕೊಟ್ಟಾಗ ಇವೆರಡೂ -10 ಮತ್ತು -14ಕ್ಕೆ ಬಂದು ಕುಳಿತವು. ಕಂಪ್ರೆಸರಿನ `Attack` 6 ಇದ್ದದ್ದನ್ನು ಮುಟ್ಟಲಿಲ್ಲ. `Release` 60ನ್ನು 150 ಮಾಡಿದೆ, ಅಷ್ಟೇ. ಸರಣಿಯ ಕೊನೆಗೆ, ಧ್ವನಿ -3ನ್ನು ಮೀರದಂತೆ ತಡೆಯುವ ಒಂದು ಲಿಮಿಟರ್ ಇದೆ, ಕೆಮ್ಮಿದರೆ ಇರಲಿ ಎಂದು.

ಫಿಲ್ಟರ್‌ಗಳು ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ಕೆಲಸ ಮಾಡುತ್ತವೆ. ಒಮ್ಮೆ ಏನನ್ನೋ ಎಳೆದಾಡುವಾಗ ಕಂಪ್ರೆಸರ್ ಮೇಲೆ ಹೋಗಿ ಗೇಟು ಕೆಳಗೆ ಬಂದಿತ್ತು. ಕಂಪ್ರೆಸರ್ ಕೊಟ್ಟ 6 ಡೆಸಿಬೆಲ್ ಕೋಣೆಯ ಸದ್ದನ್ನೂ ಎತ್ತಿ -56ರಿಂದ -50ಕ್ಕೆ ತಂದಿತು. ಅದು ಗೇಟಿನ ಮುಚ್ಚುವ ಗಡಿಯೇ. ಫ್ಯಾನು ಒಂದು ವಾಕ್ಯದ ನಂತರ ಕಟ್ಟಾಗುತ್ತಿತ್ತು, ಇನ್ನೊಂದು ವಾಕ್ಯದ ನಂತರ ಗೇಟು ಮುಚ್ಚದೆ ಹರಿಯುತ್ತಿತ್ತು. ಗೇಟು ಮೇಲಿದ್ದರೆ ಅದು ಹಸಿ ಧ್ವನಿಯನ್ನೇ ನೋಡುತ್ತದೆ, ಕಂಪ್ರೆಸರಿನಲ್ಲಿ ಏನು ಬದಲಿಸಿದರೂ ಅದರ ಗಡಿ ಕೆಡುವುದಿಲ್ಲ.

ಇಷ್ಟಾದ ಮೇಲೂ ಹೆಡ್‌ಫೋನ್ ಹಾಕಿ ಕೇಳಿದಾಗ ಏನೋ ಕಿರಿಕಿರಿ. ‘ಡಿ’ ಸ್ಪಷ್ಟವಾಗಿತ್ತು, ಮಟ್ಟ ಸಮವಾಗಿತ್ತು. ಆದರೆ ಪ್ರತಿ ವಾಕ್ಯದೊಂದಿಗೆ ಫ್ಯಾನು ಹುಟ್ಟಿ, ವಾಕ್ಯದೊಂದಿಗೇ ಸಾಯುತ್ತಿತ್ತು. ಗೇಟು ಮಾತಿನ ನಡುವಿನ ಸದ್ದನ್ನಷ್ಟೇ ತೆಗೆಯುತ್ತದೆ, ಮಾತಿನ ಅಡಿಯಲ್ಲಿರುವುದನ್ನು ಅಲ್ಲ. ಕಂಪ್ರೆಸರ್ ಆ ಅಡಿಯದನ್ನು -50ಕ್ಕೆ ಎತ್ತಿ ಕೊಡುತ್ತಿತ್ತು. ಸದಾ ಇರುವ ಸಣ್ಣ ಸದ್ದನ್ನು ಕಿವಿ ಬೇಗನೆ ಮರೆಯುತ್ತದೆ. ಬಂದು ಹೋಗುವುದನ್ನು ಮರೆಯುವುದಿಲ್ಲ. ಮೌಸಿನ ಕ್ಲಿಕ್ಕು -35ರಷ್ಟು ಜೋರಾಗಿದ್ದುದರಿಂದ, ನಾನು ಸುಮ್ಮನಿದ್ದಾಗಲೂ ಅದು ಗೇಟನ್ನು ತೆರೆದು ಫ್ಯಾನನ್ನು ಅರ್ಧ ಸೆಕೆಂಡು ಒಳಗೆ ಕರೆಯುತ್ತಿತ್ತು. ಗೇಟಿಗೆ ಮಟ್ಟ ಗೊತ್ತು, ಮಾತು ಗೊತ್ತಿಲ್ಲ.

ಮದ್ದು ಸಿಕ್ಕಿದ್ದು ಫಿಲ್ಟರಿನಲ್ಲಲ್ಲ. ಮೈಕು ಬಾಯಿಂದ ಎರಡು ಗೇಣು ದೂರದಲ್ಲಿತ್ತು. ಒಂದು ಗೇಣಿಗೆ ತಂದು, ಉಸಿರು ನೇರವಾಗಿ ಬಡಿಯದಂತೆ ಸ್ವಲ್ಪ ಓರೆಯಾಗಿಸಿದೆ. ದೂರ ಅರ್ಧವಾದರೆ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಫ್ಯಾನು ಇದ್ದಲ್ಲೇ ಇರುವುದರಿಂದ ಅದರ ಸದ್ದು ಅಷ್ಟಾಗಿ ಏರುವುದಿಲ್ಲ. ಮೈಕಿನ ಗೇನನ್ನು ಅಷ್ಟೇ ಇಳಿಸಿದಾಗ ಮಾತು ಹಳೆಯ ಜಾಗಕ್ಕೆ ಬಂತು, ಕೋಣೆಯ ಸದ್ದು ಮೀಟರಿನ ತಳದಿಂದ ಈ ಸಲ ನಿಜವಾಗಿಯೇ ಇಳಿಯಿತು. ಗೇಟಿನ ಕಣ್ಣನ್ನು ಒತ್ತಿ ಅದನ್ನು ಆಫ್ ಮಾಡಿ ಕೇಳಿದೆ. ಬೇಕೆನಿಸಲಿಲ್ಲ.

ಈಗ ಮುದ್ರಣಕ್ಕೆ ಕುಳಿತಾಗ ಕಂಪ್ರೆಸರ್ ಮತ್ತು ಲಿಮಿಟರ್ ಮಾತ್ರ ಚಾಲೂ ಇರುತ್ತವೆ. ಗೇಟನ್ನು ಅಳಿಸಿಲ್ಲ, ನೇರ ಪ್ರಸಾರದಲ್ಲಿ ಬಹಳ ಹೊತ್ತು ಸುಮ್ಮನಿರಬೇಕಾದಾಗ ಚಾಲೂ ಮಾಡುತ್ತೇನೆ. ಫಿಲ್ಟರ್ ಕತ್ತರಿಸಿದ್ದು ಕಡತಕ್ಕೆ ಬರುವುದೇ ಇಲ್ಲ, ಆಮೇಲೆ ಬೇಕೆಂದರೂ ಸಿಗದು ಎಂಬ ಭಯಕ್ಕೆ ಇನ್ನೊಂದು ಏರ್ಪಾಡು ಮಾಡಿಕೊಂಡಿದ್ದೇನೆ. ಅದೇ ಮೈಕನ್ನು `Audio Input Capture` ಆಗಿ ಎರಡನೆಯ ಬಾರಿ ಹೊಸದಾಗಿ ಸೇರಿಸಿದ್ದೇನೆ. ಇರುವುದನ್ನೇ ಮತ್ತೆ ಆರಿಸಿದರೆ ಫಿಲ್ಟರ್‌ಗಳೂ ಜೊತೆಗೆ ಬರುತ್ತವೆ, ಆದ್ದರಿಂದ ಹೊಸ ಹೆಸರು ಬೇಕು. `Advanced Audio Properties` ತೆರೆದು ಇದಕ್ಕೆ ಎರಡನೆಯ ಟ್ರ್ಯಾಕ್ ಮಾತ್ರ, ಫಿಲ್ಟರ್ ಇರುವುದಕ್ಕೆ ಒಂದನೆಯದು ಮಾತ್ರ ಗುರುತು ಹಾಕಿ, ಮುದ್ರಣದ ಸೆಟ್ಟಿಂಗ್‌ನಲ್ಲಿ ಎರಡೂ ಟ್ರ್ಯಾಕ್‌ಗಳನ್ನು ಆರಿಸಿದ್ದೇನೆ. ಹೋದ ವಾರ ಒಂದು ಕಡೆ ಕಂಪ್ರೆಸರನ್ನು ಎಲ್ಲೋ ತಪ್ಪಾಗಿ ತಿರುಗಿಸಿ ಇಡೀ ಪಾಠ ಮುದ್ದೆಯಾಗಿತ್ತು. ಎರಡನೆಯ ಟ್ರ್ಯಾಕ್ ತೆಗೆದುಕೊಂಡು ಕೆಲಸ ಮುಗಿಸಿದೆ. ಅದರಲ್ಲಿ ಕುರ್ಚಿಯ ಕಿರುಗುಟ್ಟುವಿಕೆಯೂ ಇದೆ, ‘ಬೇಡಿ’ಯ ‘ಡಿ’ಯೂ ಇದೆ.