ನಿಧಿ ಚಾಲ ಸುಖಮಾ: ಒಂದೇ ಕೃತಿಯಲ್ಲಿ ಮನೋಧರ್ಮ ಕಲಿಸುವ ಕ್ರಮ

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಮೊದಲು ಆಲಾಪನೆ, ಆಮೇಲೆ ಕೃತಿ, ಅದರೊಳಗೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್, ಕೊನೆಗೆ ಸ್ವರಗಳನ್ನು ಆಗಲೇ ಕಟ್ಟಿ ಹಾಡುವ ಕಲ್ಪನಾಸ್ವರ. ಕೃತಿ ಬಿಟ್ಟು ಉಳಿದ ಮೂರೂ ಮನೋಧರ್ಮ, ಅಂದರೆ ಆ ಕ್ಷಣದಲ್ಲಿ ಹೊಳೆದದ್ದನ್ನು ಹಾಡುವುದು. ಕಲಿಸುವಾಗ ನಾನು ಈ ಕ್ರಮವನ್ನು ತಿರುಗಿಸುತ್ತೇನೆ. ಸ್ವರದಲ್ಲಿ ತಪ್ಪು ಕೈಯ ಮೇಲೆಯೇ ಕಾಣುತ್ತದೆ, ಆಲಾಪನೆಯಲ್ಲಿ ತಪ್ಪನ್ನು ಗುರುತಿಸುವುದಕ್ಕೇ ಕಿವಿ ಪಳಗಬೇಕು. ತ್ಯಾಗರಾಜರ ‘ನಿಧಿ ಚಾಲ ಸುಖಮಾ’ ಇದಕ್ಕೆ ಚೆನ್ನಾಗಿ ಒದಗುತ್ತದೆ. ರಾಗ ಕಲ್ಯಾಣಿ, ತಾಳ ಮೂರು-ನಾಲ್ಕಾಗಿ ಏಳು ಎಣಿಕೆಯ ಮಿಶ್ರ ಚಾಪು. ‘ಮಮತಾ ಬಂಧನಯುತ ನರಸ್ತುತಿ ಸುಖಮಾ’ ಎಂಬ ಸಾಲಿನಲ್ಲಿ ನೆರವಲ್ ಮತ್ತು ಸ್ವರ ಹಾಡುವುದು ರೂಢಿ.

ಸ್ವರದಲ್ಲಿ ಅಲುಗದೆ ಇರಬೇಕಾದದ್ದು ಎಡುಪು, ಅಂದರೆ ಸಾಹಿತ್ಯ ಎತ್ತುವ ಜಾಗ. ಎಣಿಕೆಯನ್ನು ಎಡುಪಿನಿಂದ ಮುಂದಿನ ಎಡುಪಿಗೆ ಹಿಡಿದರೆ ಯಾವ ಪಾಠಾಂತರಕ್ಕೂ ಲೆಕ್ಕ ಕೆಡುವುದಿಲ್ಲ. ಮೊದಲಿಗೆ ‘ತಕಿಟ’ದ ಮೂರು ಎಣಿಕೆ ಸುಮ್ಮನಿದ್ದು, ‘ತಕದಿಮಿ’ಯ ನಾಲ್ಕರಲ್ಲಿ ನಾಲ್ಕೇ ಸ್ವರ ಹಾಡಿ ಸಾಹಿತ್ಯ ಹಿಡಿಯಬೇಕು. ಕೊನೆಯ ಸ್ವರ ಸಾಹಿತ್ಯದ ಮೊದಲ ಸ್ವರಕ್ಕೆ ಪಕ್ಕದ್ದಾಗಿರಬೇಕು, ಇಲ್ಲದಿದ್ದರೆ ಲೆಕ್ಕ ಸರಿಯಿದ್ದರೂ ಸಾಲು ಅಂಟುವುದಿಲ್ಲ. ಇದು ಕೈಗೆ ಬಂದ ಮೇಲೆ ಏಳು ಎಣಿಕೆ, ಆಮೇಲೆ ಎರಡು ಆವರ್ತ.

ಎರಡನೆಯ ಕಾಲದಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ, ಒಂದು ಆವರ್ತಕ್ಕೆ 14 ಸ್ವರಗಳ ಜಾಗ. ಮುಕ್ತಾಯಕ್ಕೆ ಮೂರು ಗುಂಪು ಬೇಕಾದರೆ ನಾಲ್ಕು ಸ್ವರ, ಒಂದು ಕಾರ್ವೆ ಅಂದರೆ ಒಂದು ಸ್ವರದಷ್ಟು ನಿಲುಗಡೆ, ನಾಲ್ಕು, ಒಂದು, ನಾಲ್ಕು: ಸರಿಯಾಗಿ 14. ‘ನಿ ರಿ ಗ ಮ , ರಿ ಗ ಮ ದ , ಗ ಮ ದ ನಿ’ ಎಂದು ಹಾಡಬಹುದು. ಕೊನೆಯ ನಿಷಾದ ಧೈವತಕ್ಕೂ ತಾರ ಷಡ್ಜಕ್ಕೂ ಹೊಂದುತ್ತದೆ. ನಿಮ್ಮ ಪಾಠದಲ್ಲಿ ಸಾಲು ಪಂಚಮದಿಂದ ಎದ್ದರೆ ಕೊನೆಯ ಗುಂಪನ್ನು ‘ನಿ ದ ಪ ಮ’ ಮಾಡಿಕೊಳ್ಳಿ. ಎರಡು ಆವರ್ತಕ್ಕೆ ಎಲ್ಲವನ್ನೂ ಇಮ್ಮಡಿಸಿದರೆ ಸಾಕು: ಎಂಟರ ಮೂರು ಗುಂಪು, ನಡುವೆ ಎರಡೆರಡು ಕಾರ್ವೆ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ. ಮೂರನೆಯ ಗುಂಪಿನ ನಂತರವೂ ಕಾರ್ವೆ ಬಿಟ್ಟು 15 ಮಾಡುವುದು. ಆಗ ಸಾಹಿತ್ಯ ಅರ್ಧ ಎಣಿಕೆ ತಡವಾಗಿ ಬೀಳುತ್ತದೆ, ‘ಮಮತಾ’ದ ಮೊದಲ ಅಕ್ಷರಗಳು ಅವಸರಪಡುತ್ತವೆ. ಕಾರ್ವೆಯಲ್ಲಿ ಉಸಿರು ತೆಗೆದುಕೊಳ್ಳುವವರಿಗೆ ಈ ತೊಂದರೆ ಜಾಸ್ತಿ. ಉಸಿರನ್ನು ಮುಕ್ತಾಯ ಶುರುವಾಗುವ ಮುನ್ನವೇ ತುಂಬಿಕೊಳ್ಳಬೇಕು. ಲೆಕ್ಕವನ್ನು ಕಾಗದದ ಮೇಲೆ ಬರೆದು ಬಾಯಿಪಾಠ ಮಾಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಾಲ್ಕು-ಒಂದರ ಅಳತೆ ಮಾತ್ರ ಕೊಟ್ಟು, ಸ್ವರಗಳನ್ನು ಪ್ರತಿ ಸಲವೂ ಬೇರೆ ಮಾಡಿಸುತ್ತೇನೆ.

ನೆರವಲ್‌ನಲ್ಲಿ ಕಟ್ಟು ಇನ್ನೂ ಬಿಗಿ. ಅಲ್ಲಿ ಪ್ರತಿ ಪದಕ್ಕೂ ತಾಳದಲ್ಲಿ ಅದರದೇ ಸ್ಥಾನ ಉಂಟು. ರಾಗ ಬಿಟ್ಟು, ತಾಳ ಹಾಕುತ್ತಾ ಸಾಲನ್ನು ಬರೀ ಮಾತಿನಂತೆ ಹೇಳಿಸುತ್ತೇನೆ. ನಂತರ ಅದನ್ನೇ ಷಡ್ಜವೊಂದರಲ್ಲಿ. ಅಕ್ಷರಗಳು ಕದಲದೆ ನಿಂತ ಮೇಲೆ ಷಡ್ಜದಿಂದ ಪಂಚಮದವರೆಗಿನ ಸಂಚಾರ, ಆಮೇಲೆ ನಿಷಾದದ ಸುತ್ತ, ಕೊನೆಗೆ ತಾರಸ್ಥಾಯಿ. ‘ಮಮತಾ’ವನ್ನು ಮನಸೋ ಇಚ್ಛೆ ಎಳೆದು ‘ನರಸ್ತುತಿ ಸುಖಮಾ’ವನ್ನು ಉಳಿದ ಜಾಗಕ್ಕೆ ತುರುಕಿದರೆ ಅದು ನೆರವಲ್ ಅಲ್ಲ. ‘ಬಂಧ’ ಎಂದು ನಿಲ್ಲಿಸಿ ‘ನಯುತ’ ಎಂದು ಎತ್ತಿದರೆ ಅರ್ಥವೇ ಮುರಿಯುತ್ತದೆ. ಮಮತೆಯ ಬಂಧನಕ್ಕೆ ಸಿಕ್ಕ ಮನುಷ್ಯರನ್ನು ಹೊಗಳುವುದು ಸುಖವೇ ಎಂದು ಕೇಳುವ ಸಾಲು ಅದು. ಆ ಪ್ರಶ್ನೆ ಕೇಳುಗರ ಕಿವಿಗೆ ಇಡಿಯಾಗಿ ಮುಟ್ಟಬೇಕು. ಎರಡನೆಯ ಕಾಲಕ್ಕೆ ಹೋದಾಗ ಸಂಗತಿಗಳು ಸ್ವರದಷ್ಟೇ ಚುರುಕಾಗುತ್ತವೆ, ಅಲ್ಲಿಂದ ಕಲ್ಪನಾಸ್ವರಕ್ಕೆ ದಾಟುವುದು ಸಲೀಸು.

ಆಲಾಪನೆಗೆ ತಾಳವಿಲ್ಲ, ಪದವಿಲ್ಲ. ಹಿಡಿದುಕೊಳ್ಳಲು ಉಳಿಯುವುದು ನ್ಯಾಸಸ್ವರ, ಅಂದರೆ ಸಂಚಾರ ಬಂದು ನಿಲ್ಲುವ ಸ್ವರ ಮಾತ್ರ. ಮೊದಲು ಅಟತಾಳದ ‘ವನಜಾಕ್ಷಿ’ ವರ್ಣವನ್ನು ಅಕಾರದಲ್ಲಿ ಹಾಡಿಸುತ್ತೇನೆ, ಕಲ್ಯಾಣಿಯ ಗಮಕ ಮತ್ತು ಪ್ರಯೋಗಗಳು ಅಲ್ಲಿಂದಲೇ ಗಂಟಲಿಗೆ ಬರುತ್ತವೆ. ಆಮೇಲೆ ಮಂದ್ರ ನಿಷಾದದಿಂದ ಪಂಚಮದೊಳಗೆ ಏನು ಹಾಡಿದರೂ ಗಾಂಧಾರದಲ್ಲಿ ನಿಲ್ಲಬೇಕೆಂಬ ಕಟ್ಟಳೆ. ಅದು ಪಳಗಿದ ಮೇಲೆ ನಿಷಾದ, ಕಡೆಗೆ ತಾರ ಗಾಂಧಾರ. ‘ಗ ಮ ದ ನಿ’, ‘ದ ನಿ ರಿ ಗ’ ಎಂದು ಪಂಚಮ, ಷಡ್ಜಗಳನ್ನು ದಾಟಿ ಹೋಗುವುದು ಈ ರಾಗಕ್ಕೆ ಸಹಜ. ಸರಿಗಮಪದನಿ ಎಂದು ನೇರವಾಗಿ ಏರಿಸಿದರೆ ಮೇಳದ ಸ್ವರಗಳು ಕೇಳುತ್ತವೆಯೇ ಹೊರತು ಕಲ್ಯಾಣಿ ಕೇಳುವುದಿಲ್ಲ.

ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಪ್ರತಿ ಸಂಚಾರ ಎಲ್ಲಿ ನಿಂತಿತೆಂದು ಬರೆದಿಡಲು ಹೇಳುತ್ತೇನೆ. ಗಾಂಧಾರದ ಘಟ್ಟದಲ್ಲಿ ಒಂದು ಮಧ್ಯಮದಲ್ಲಿ, ಇನ್ನೊಂದು ಧೈವತದಲ್ಲಿ ನಿಂತಿದ್ದರೆ, ನಿಲ್ಲಿಸಿದ್ದು ಉಸಿರು, ಹಾಡುಗಾರರಲ್ಲ. ಅಂಥವರಿಗೆ ಸಂಚಾರ ಚಿಕ್ಕದಾಗಬೇಕು: ಒಂದು ಉಸಿರಿಗೆ ಒಂದೇ ಪ್ರಯೋಗ, ನ್ಯಾಸ, ಬಿಡುವು. ಆ ಬಿಡುವು ಪಿಟೀಲಿನವರಿಗೂ ಬೇಕು, ಹಾಡಿದ್ದರ ಕೊನೆಯನ್ನು ಅವರು ನುಡಿಸಿ ಮುಗಿಸುವಷ್ಟಾದರೂ ಕಾದು ಮುಂದಿನದನ್ನು ಎತ್ತಬೇಕು.