ಫೋನ್ ಸ್ಟ್ಯಾಂಡ್ ಜಾರುತ್ತಿತ್ತು, ತಪ್ಪಿದ್ದದ್ದು ನಟ್ಟಿನ ಗುಂಡಿಯಲ್ಲಿ

ಅಡುಗೆಮನೆ ಕಟ್ಟೆ ಮೇಲಿಡಲು, ಕೋಡ್ ಬರೆದು ಆಕಾರ ಮಾಡುವ ಓಪನ್‌ಸ್ಕ್ಯಾಡ್‌ನಲ್ಲಿ ಒಂದು ಫೋನ್ ಸ್ಟ್ಯಾಂಡ್ ಮಾಡಿ 3ಡಿ ಪ್ರಿಂಟ್ ಮಾಡಿದೆ. ಕವರ್ ಸಮೇತ ಫೋನಿನ ದಪ್ಪ ವರ್ನಿಯರ್‌ನಲ್ಲಿ 11.6 ಮಿ.ಮೀ. ಬಂತು, ಫೋನ್ ಕೂರುವ ತುಟಿಯ ಸಂದು 12.4 ಇಟ್ಟೆ. ಕವರ್ ಬಿಚ್ಚಿ ಅಳೆದರೆ ಆಮೇಲೆ ಫೋನ್ ಕೂರಲ್ಲ.

ತೊಂದರೆ ಕೊಟ್ಟಿದ್ದು ಫೋನ್ ಹಿಡಿಯುವ ತೋಳಿನ ಕೀಲು. ಎಂ4 ಬೋಲ್ಟ್ ಬಿಗಿ ಮಾಡಿದರೂ, ಸ್ಕ್ರೀನ್ ಮುಟ್ಟಿದ ಕೂಡಲೇ ತೋಳು ಹಿಂದಕ್ಕೆ ವಾಲುತ್ತಿತ್ತು. ನಟ್ಟಿನ ಗುಂಡಿಗೆ 7 ಮಿ.ಮೀ. ಕೊಟ್ಟಿದ್ದೆ. ನಟ್ಟು ಕೂರಲಿಲ್ಲ. ಸಿಟ್ಟಿನಲ್ಲಿ ಕೊರೆದು ದೊಡ್ಡದು ಮಾಡಿದೆ. ಈಗ ಬೋಲ್ಟ್ ತಿರುಗಿಸಿದರೆ ನಟ್ಟೂ ಜೊತೆಗೇ ತಿರುಗುತ್ತಿತ್ತು, ಬಿಗಿ ಎಲ್ಲಿಂದ ಬರಬೇಕು?

ಎಂ4 ನಟ್ಟಿನ 7 ಮಿ.ಮೀ. ಅಂದರೆ ಎದುರು ಬದುರು ಬದಿಗಳ ನಡುವಿನ ಅಳತೆ. ಓಪನ್‌ಸ್ಕ್ಯಾಡ್‌ನ `d` ಮಾತ್ರ ಮೂಲೆಯಿಂದ ಮೂಲೆಗೆ. ಹಾಗಾಗಿ 0.3 ಸಡಿಲ ಸೇರಿಸಿ ಹೀಗೆ ಬರೆದೆ:

```
nut = 7.3 / cos(30);
cylinder(d = nut, h = 3.5, $fn = 6);
```

ಬೋಲ್ಟಿನ ತೂತು 4.4 ಮಾಡಿದೆ, ಪ್ರಿಂಟ್‌ನಲ್ಲಿ ತೂತು ಸ್ವಲ್ಪ ಕಿರಿದಾಗುತ್ತೆ ಅಲ್ವಾ. ಪೂರ್ತಿ ಸ್ಟ್ಯಾಂಡ್ ಬದಲು ಕೀಲಿನ ತುಂಡು ಮಾತ್ರ ಮೊದಲು ಪ್ರಿಂಟ್ ಮಾಡಿ ನೋಡಿದೆ. ನಟ್ಟು ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಅಂತ ಕೂತಿತು. F6 ಒತ್ತಿ ರೆಂಡರ್, F7 ಒತ್ತಿ ಪ್ರಿಂಟ್‌ಗೆ ಬೇಕಾದ ಎಸ್‌ಟಿಎಲ್ ಫೈಲ್. ತೋಳನ್ನು ಮಾತ್ರ ಮಲಗಿಸಿಯೇ ಪ್ರಿಂಟ್ ಮಾಡಿದೆ. ನಿಲ್ಲಿಸಿ ಮಾಡಿದ್ದು ಕೀಲಿನ ಹತ್ತಿರ ಪದರ ಬಿಟ್ಟು ಮುರಿದಿತ್ತು.