‘ಹಾಯ್, ಹೆಲ್ಪ್ ಬೇಕಿತ್ತು’ ಅಂತಷ್ಟೇ ಮೆಸೇಜ್ ಬಂದ್ರೆ ಏನ್ ಬರೀಬೇಕು?

ಮುಂಬೈಲಿ ಕನ್ನಡ ಸಂಘದ ಕೆಲ್ಸ ನೋಡ್ಕೊಳ್ಳೋರ ಫೋನಿಗೆ ಇಂಥ ಮೆಸೇಜ್ ಬರ್ತಾನೇ ಇರುತ್ತೆ. ಹೆಸ್ರಿಲ್ಲ, ಊರಿಲ್ಲ, ವಿಷ್ಯ ಇಲ್ಲ. ಇದಕ್ಕೆ ನಮ್ಮೋರು ‘ಏನು?’ ಅಂತಾನೋ, ಮೂರು ಕ್ವೆಶ್ಚನ್ ಮಾರ್ಕ್ ಹಾಕೋ ಉತ್ತರ ಕೊಡೋದನ್ನ ನೋಡಿ ನೋಡಿ ಬೇಜಾರಾಗಿ ಇದನ್ನ ಬರೀತಿದೀನಿ. ಆ ಕಡೆಯವ್ರು ಅಲ್ಲಿಗೇ ಸುಮ್ನಾಗ್ತಾರೆ.

ಮೊದ್ಲು, ಪುರುಸೊತ್ತಿಲ್ಲ ಅಂದ್ರೆ ಮೆಸೇಜ್ ಓಪನ್ ಮಾಡ್ಬೇಡಿ. ನೀಲಿ ಟಿಕ್ ಬಂದು ಉತ್ತರ ಬರ್ಲಿಲ್ಲ ಅಂದ್ರೆ ಅವ್ರಿಗೆ ಅದೇ ಉತ್ತರ.

ಆಮೇಲೆ ನಮಸ್ಕಾರಕ್ಕೆ ನಮಸ್ಕಾರ ಹೇಳಿ, ನೀವು ಎಷ್ಟೊತ್ತು ಸಿಗ್ತೀರಿ ಅನ್ನೋದನ್ನೂ ಬರೀರಿ. ‘ಇನ್ನು ಅರ್ಧ ಗಂಟೆ ಫ್ರೀ ಇದೀನಿ’ ಅಂದ್ರೆ ಆ ಕಡೆಯವ್ರಿಗೆ ಧೈರ್ಯ ಬರುತ್ತೆ.

ಈಗ ಎಲ್ಲರೂ ಎಡವೋ ಜಾಗ, ಪ್ರಶ್ನೆ ಕೇಳೋದು. ‘ಏನ್ ಹೆಲ್ಪ್ ಬೇಕು?’ ಅನ್ನೋದು ತಪ್ಪಲ್ಲ, ಆದ್ರೆ ಅದಕ್ಕೆ ಉತ್ತರ ಕೊಡೋಕೆ ಅವ್ರು ಇಡೀ ಕಥೆ ಟೈಪ್ ಮಾಡ್ಬೇಕು, ದುಡ್ಡಿನ ವಿಷ್ಯ ಇರ್ಬಹುದು, ಕಾಯಿಲೆ ಇರ್ಬಹುದು, ಗುರುತಿಲ್ಲದೋರ ಹತ್ರ ಅದನ್ನ ಒಂದೇ ಸಲ ಬರೆಯೋಕೆ ಮನಸ್ಸು ಬರಲ್ಲ, ಅದಕ್ಕೇ ಬರೀ ಹಾಯ್ ಹಾಕಿ ನೋಡ್ತಿರ್ತಾರೆ. ಹಾಗಾಗಿ ಒಂದೇ ಪದದಲ್ಲಿ ಉತ್ತರ ಕೊಡೋ ಹಾಗೆ ಕೇಳಿ. ಎರಡು ಮೂರು ವಿಷ್ಯ ನೀವೇ ಇಡಿ, ಕೊನೇಲಿ ‘ಬೇರೆ ಏನಾದ್ರೂನಾ’ ಅಂತ ಬಾಗಿಲು ತೆಗೆದಿಡಿ. ಮೂರಕ್ಕಿಂತ ಜಾಸ್ತಿ ಬೇಡ, ಫಾರ್ಮ್ ತುಂಬಿಸಿದ ಹಾಗಾಗುತ್ತೆ. ‘ಯಾಕೆ’ ಅಂತ ಶುರುವಾಗೋ ಪ್ರಶ್ನೆ ಪೂರ್ತಿ ಬಿಟ್ಬಿಡಿ, ಅದು ವಿಚಾರಣೆ ಥರ ಕೇಳ್ಸುತ್ತೆ. ಒಂದು ಮೆಸೇಜಿಗೆ ಒಂದೇ ಪ್ರಶ್ನೆ.

ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗೇ ಹೋಗೋ ‘ನಿಮ್ಮ ಸಂದೇಶಕ್ಕೆ ಧನ್ಯವಾದಗಳು’ ಇದ್ಯಲ್ಲ, ಅದನ್ನ ಆಫ್ ಮಾಡಿ. ಗೂಗಲ್ ಫಾರ್ಮ್ ಲಿಂಕ್ ಕಳ್ಸೋದಂತೂ ಬೇಡ್ವೇ ಬೇಡ. ಅಡ್ರೆಸ್, ಫೋನ್ ನಂಬರ್ ಇಂಥವನ್ನ ಕ್ವಿಕ್ ರಿಪ್ಲೈನಲ್ಲಿ ಸೇವ್ ಮಾಡಿಟ್ಕೊಳ್ಳಿ, ಅಷ್ಟಕ್ಕೆ ಅದು ಚೆನ್ನಾಗಿದೆ.

ಒಂದು ಉದಾಹರಣೆ ನೋಡಿ. ಕಲಬುರಗಿ ಕಡೆಯಿಂದ ತಾಯಿನ ಕರ್ಕೊಂಡು ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಬಂದಿರೋ ಹುಡುಗ ಅಂದ್ಕೊಳ್ಳಿ.

‘ನಮಸ್ತೆ ಸರ್, ಹೆಲ್ಪ್ ಬೇಕಿತ್ರಿ.’

‘ನಮಸ್ಕಾರ, ಅರ್ಧ ಗಂಟೆ ಫ್ರೀ ಇದೀನಿ. ಆಸ್ಪತ್ರೆ ವಿಷ್ಯನಾ, ಉಳ್ಕೊಳ್ಳೋ ಜಾಗನಾ, ಬೇರೆ ಏನಾದ್ರೂನಾ? ಟೈಪ್ ಮಾಡೋದು ಕಷ್ಟ ಆದ್ರೆ ವಾಯ್ಸ್ ಹಾಕಿ, ಪರ್ವಾಗಿಲ್ಲ.’

‘ದವಾಖಾನಿ ರೀ.’

‘ಸರಿ. ಪೇಷಂಟ್ ಈಗ ನಿಮ್ ಜೊತೆ ಇದಾರಾ, ಊರಲ್ಲಿದಾರಾ?’

‘ಅವ್ವ ನನ್ನ ಜೋಡಿನೇ ಅದಾಳ್ರಿ, ಡಾಕ್ಟರ್ ನೋಡ್ಯಾರ, ನಾಳಿ ಮತ್ತ ಬಾ ಅಂದಾರ.’

ಇಲ್ಲಿ ನಿಲ್ಲಿ. ಮೊದಲನೇ ಉತ್ತರ ‘ದವಾಖಾನಿ’ ಅಂತಿದ್ರೂ ಡಾಕ್ಟರ್ ವಿಷ್ಯ ಮುಗಿದಿದೆ, ನಾಳೆ ಮತ್ತೆ ಹೋಗ್ಬೇಕು ಅಂದ್ರೆ ನಡುವೆ ಒಂದು ರಾತ್ರಿ ಇದೆ. ಅವರು ಬಾಯ್ಬಿಟ್ಟು ಹೇಳದೇ ಇರೋದು ಅದೇ ಇರ್ಬೇಕು. ಆದ್ರೂ ಊಹೆ ಮೇಲೆ ಓಡ್ಬೇಡಿ, ಕೇಳಿ: ‘ಅಂದ್ರೆ ಇವತ್ತು ರಾತ್ರಿ ಅವ್ವನ ಜೊತೆ ಉಳ್ಕೊಳ್ಳೋಕೆ ಜಾಗ ಆಗ್ಬೇಕು, ಹೌದಾ?’ ಅವ್ರು ಹೌದ್ರಿ ಅಂದ್ಮೇಲೆ ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆ ಹೇಳ್ಬಹುದು, ಆಸ್ಪತ್ರೆಯ ಸೋಶಿಯಲ್ ವರ್ಕರ್‌ಗಳನ್ನ ಕೇಳೋಕೆ ಹೇಳ್ಬಹುದು. ಜಾಗ ಖಾಲಿ ಇದೆ ಅಂತ ಮಾತ್ರ ಭರವಸೆ ಕೊಡ್ಬೇಡಿ, ಮೊದ್ಲು ಫೋನ್ ಮಾಡಿ ಕೇಳ್ಕೊಳ್ಳಿ. ಗಮನಿಸಿ, ಅವ್ರು ಅವರ ಕನ್ನಡದಲ್ಲೇ ಬರೀಲಿ, ತಿದ್ದೋಕೆ ಹೋಗ್ಬೇಡಿ.

ಎರಡು ಕಡೆ ಈ ನಿಧಾನ ಬಿಡ್ಬೇಕು. ಆಕ್ಸಿಡೆಂಟ್, ಎದೆನೋವು ಅಂತ ಸುಳಿವು ಸಿಕ್ಕಿದ್ ತಕ್ಷಣ ಟೈಪಿಂಗ್ ನಿಲ್ಸಿ ಕಾಲ್ ಮಾಡಿ, ಎಲ್ಲಿದಾರೆ ಅಂತ ಕೇಳಿ, 108ಕ್ಕೆ ಆಂಬುಲೆನ್ಸಿಗೆ ಹೇಳಿ. ಇನ್ನೊಂದು, ಪರಿಚಯದೋರ ನಂಬರಿಂದಾನೇ ಹೆಲ್ಪ್ ಅಂತ ಬಂದು ಎರಡನೇ ಮೆಸೇಜಲ್ಲೇ ದುಡ್ಡು ಕೇಳಿದ್ರೆ ಅಕೌಂಟ್ ಹ್ಯಾಕ್ ಆಗಿರ್ಬಹುದು. ಕಾಲ್ ಮಾಡಿ ದನಿ ಕೇಳಿ ಆಮೇಲೆ ಮುಂದಿನ ಮಾತು, ದುಡ್ಡು ಹೋಗೇಬಿಟ್ಟಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ.

ಇಷ್ಟೆಲ್ಲಾ ಮಾಡಿದ್ರೂ ಉತ್ತರ ಬರ್ದೇ ಇದ್ರೆ? ‘ಹಲೋ?’, ‘ಇದೀರಾ?’ ಅಂತ ಬೆನ್ನು ಹತ್ಬೇಡಿ. ಮಾರನೇ ದಿನ ಬೆಳಿಗ್ಗೆ ಒಂದೇ ಸಾಲು: ‘ನಿನ್ನೆ ಏನೋ ಹೇಳ್ಬೇಕು ಅಂತಿದ್ರಿ, ಅನುಕೂಲ ಆದಾಗ ಬರೀರಿ, ಸಂಜೆ ಏಳರ ಮೇಲೆ ಫೋನಲ್ಲೂ ಸಿಗ್ತೀನಿ.’ ಅದಾದ್ಮೇಲೆ ಮತ್ತೆ ಮೆಸೇಜ್ ಮಾಡ್ಬೇಡಿ, ನಂಬರ್ ಮಾತ್ರ ಏನಾದ್ರೂ ಗುರುತು ಹಾಕಿ ಸೇವ್ ಮಾಡಿಟ್ಕೊಳ್ಳಿ.